ಶಿರಸಿಯ ಹೊಟ್ಟೆ, ಜರ್ಮನಿಯ ಬ್ರೆಡ್ಡು

"ಊಟ ಆತನೋ ತಮಾ?" ವಿಡಿಯೋ ಕಾಲ್‌ನಲ್ಲಿ ಶಿರಸಿಯ ತಾಯಿ ಕೇಳುವ ಮೊದಲ ಪ್ರಶ್ನೆ ಇದು. "ಆತು ಆಯಿ" ಅಂತಾನೆ ಜರ್ಮನಿಯಲ್ಲಿ ಎಂಎಸ್ ಓದುತ್ತಿರೋ ಮಗ. ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದೆ ಅನ್ನೋದನ್ನ ಮಾತ್ರ ಹೇಳೋದಿಲ್ಲ. ನಾಚಿಕೆ ನೋಡಿ.

ಜರ್ಮನಿಯಲ್ಲಿ ಬಿಸಿ ಊಟ ಹೆಚ್ಚಾಗಿ ಮಧ್ಯಾಹ್ನಕ್ಕೇ ಮುಗಿಯುತ್ತೆ. ರಾತ್ರಿ ಊಟಕ್ಕೆ ಅಲ್ಲಿನ ಹೆಸರೇ 'ಆಬೆಂಟ್‌ಬ್ರೋಟ್', ಅಂದರೆ ಸಂಜೆಯ ಬ್ರೆಡ್ಡು. ಬ್ರೆಡ್ಡು, ಚೀಸು, ಎಲ್ಲ ತಣ್ಣಗೆ. ತಣ್ಣಗಿನದು ತಿಂದಿದ್ದಕ್ಕೇ ಹೀಗಾಯ್ತು ಅಂತ ನಾವು ತೀರ್ಪು ಕೊಟ್ಟುಬಿಡ್ತೀವಿ. ತಪ್ಪು ತಣ್ಣಗಿನದ್ದಲ್ಲ, ನಾರಿನದ್ದು.

ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕೋಣ. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. ಹುಡುಗ ತಿಂದಿದ್ದೇನು? ನಾಲ್ಕು ತುಂಡು ಬಿಳಿ ಬ್ರೆಡ್ಡು, ಸುಮಾರು 3 ಗ್ರಾಂ. ಒಂದು ತಟ್ಟೆ ಬಿಳಿ ಅನ್ನ ಮೊಸರು, 1 ಗ್ರಾಂ. ಚೀಸಿನಲ್ಲಿ ಸೊನ್ನೆ. ಊರಲ್ಲೂ ಬಿಳಿ ಅನ್ನವೇ ತಾನೇ? ಹೌದು, ಆದರೆ ಅದರ ಜೊತೆ ಬಸಳೆ, ಬಾಳೆಕಾಯಿ ಪಲ್ಯ, ತಂಬುಳಿ ಇರ್ತಿತ್ತು. ಅನ್ನ ವಿಮಾನ ಹತ್ತಿತು, ಪಲ್ಯ ಇಲ್ಲೇ ಉಳಿಯಿತು. ಮೇಲಿಂದ ಚಳಿಯಲ್ಲಿ ಬಾಯಾರೋದಿಲ್ಲ, ನೀರು ಕುಡಿಯೋದೂ ಕಡಿಮೆ.

ಈಗ ತಟ್ಟೆ ಬದಲಿಸೋಣ. ಬೆಳಿಗ್ಗೆ 60 ಗ್ರಾಂ ಓಟ್ಸ್, 6 ಗ್ರಾಂ ನಾರು. ಬಿಳಿ ಬ್ರೆಡ್ಡಿನ ಬದಲು ಇಡೀ ಧಾನ್ಯದ 'ಫೋಲ್‌ಕೋರ್ನ್' ಬ್ರೆಡ್ಡು ಎರಡು ತುಂಡು, 8 ಗ್ರಾಂ. ಅರ್ಧ ಡಬ್ಬಿ ರಾಜ್ಮಾ ಅನ್ನಕ್ಕೆ, ಇನ್ನೊಂದು 8. ಸಿಪ್ಪೆ ಸಮೇತ ಸೇಬು, 4. ಒಟ್ಟು 26. ಅನ್ನ ಬಿಡಬೇಕಿಲ್ಲ. ಪಾಲಕ್ ಬೇಯಿಸಿ, ಮೊಸರಲ್ಲಿ ಕಡೆದು, ಜೀರಿಗೆ ಒಗ್ಗರಣೆ ಕೊಟ್ಟರೆ ತಂಬುಳಿ ಅಲ್ಲೂ ಆಗುತ್ತೆ.

ಆದರೆ ಒಂದೇ ದಿನ ಎಲ್ಲ ಸುರಿಯಬೇಡಿ, ಹೊಟ್ಟೆ ಉಬ್ಬರಿಸುತ್ತೆ. ಎರಡು ವಾರದಲ್ಲಿ ನಿಧಾನಕ್ಕೆ ಏರಿಸಿ, ನೀರೂ ಜೊತೆಗೇ ಏರಲಿ. ನೀರಿಲ್ಲದ ನಾರು ಇನ್ನಷ್ಟು ಗಟ್ಟಿ ಮಾಡುತ್ತೆ. ನಮ್ಮ ಇಸಬ್‌ಗೋಲ್ ಅಲ್ಲಿ 'ಫ್ಲೋಜಾಮೆನ್‌ಶಾಲೆನ್' ಹೆಸರಲ್ಲಿ ಸಿಗುತ್ತೆ. ಒಂದು ಚಮಚಕ್ಕೆ ದೊಡ್ಡ ಲೋಟ ನೀರು, ಕಲಸಿದ ತಕ್ಷಣ ಕುಡಿಯಬೇಕು.

ಇನ್ನು ಊರಿನ ಅಭ್ಯಾಸ. ಬೆಳಿಗ್ಗೆ ಏನಾದರೂ ತಿಂದಾಗ ದೊಡ್ಡ ಕರುಳು ತಾನೇ ಚುರುಕಾಗುತ್ತೆ. ಊರಲ್ಲಿ ತೆಳ್ಳೇವು, ಬಿಸಿ ಕಾಫಿ ಆದಮೇಲೆ ಹತ್ತು ನಿಮಿಷ ಸಿಗ್ತಿತ್ತು. ಅಲ್ಲಿ ಎಂಟರ ಕ್ಲಾಸಿಗೆ ಓಡ್ತಾನೆ, ಬಂದ ಕರೆಯನ್ನ ತಡೀತಾನೆ. ತಡೆದಷ್ಟೂ ಕರುಳು ನೀರು ಹೀರುತ್ತೆ, ಮಲ ಗಟ್ಟಿಯಾಗುತ್ತೆ. ಅರ್ಧ ಗಂಟೆ ಮೊದಲು ಏಳಲಿ. ಕಮೋಡಿನ ಮುಂದೆ ಒಂದು ಗಿಡ್ಡ ಮಣೆ ಇಟ್ಟು ಪಾದ ಎತ್ತಿ ಕೂತರೆ ಕುಕ್ಕರುಗಾಲಿನ ಭಂಗಿಯೇ ಬರುತ್ತೆ.

ರಕ್ತ ಕಂಡರೆ, ತೂಕ ಇಳಿದರೆ, ವಾಂತಿಯ ಜೊತೆ ಹೊಟ್ಟೆ ಬಿಗಿದು ಗಾಳಿಯೂ ಹೋಗದಿದ್ದರೆ ಇಸಬ್‌ಗೋಲ್ ಬೇಡ, ಡಾಕ್ಟರ್ ಬೇಕು.

ಆಯಿ, ಮುಂದಿನ ಸಲ ಊಟದ ಪ್ರಶ್ನೆ ಆದಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಡಿ.