ಮೈನಸ್ 4: ಕನ್ನಡಕವೋ, ಲೆನ್ಸೋ, ಲೇಸರ್ರೋ?

ವಯಸ್ಸು 22, ಎರಡೂ ಕಣ್ಣಿಗೆ ಮೈನಸ್ 4. ಕನ್ನಡಕ ಸಾಕಾಗಿದೆ, ಲೇಸರ್ ಮಾಡಿಸ್ಲಾ? ಮೊದಲು ಹಳೇ ಚೀಟಿ ತೆಗೀರಿ. ಹೋದ ವರ್ಷ ಮೂರೂವರೆ ಇತ್ತಾ? ಹಾಗಾದ್ರೆ ನಂಬರ್ ಇನ್ನೂ ಏರ್ತಿದೆ, ಕಾಯಿರಿ. ಕನಿಷ್ಠ ಒಂದು ವರ್ಷ ಅದು ನಿಂತಿರಬೇಕು.

ನಿಂತಿದ್ಯಾ? ಈಗ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಪದರ. ದಪ್ಪ 540 ಮೈಕ್ರಾನ್ ಅಂದ್ಕೊಳ್ಳಿ. ಲಾಸಿಕ್‌ನಲ್ಲಿ ಮೇಲಿನ ಸುಮಾರು 110 ಮೈಕ್ರಾನ್ ಮುಚ್ಚಳದ ಹಾಗೆ ಎತ್ತಿ, ಕೆಳಗೆ ಒಂದು ನಂಬರಿಗೆ ಹೆಚ್ಚುಕಡಿಮೆ 15ರಂತೆ 60 ಸವೆಸ್ತಾರೆ. ಉಳಿಯೋದು 370. ಮುನ್ನೂರರ ಮೇಲಿದ್ರೆ ನೆಮ್ಮದಿ.

ಆದ್ರೆ ಟೊಪೋಗ್ರಫಿ ಸ್ಕ್ಯಾನ್‌ನಲ್ಲಿ ಕಾರ್ನಿಯಾ ಕೆಳಭಾಗ ಉಬ್ಬಿದ ಹಾಗೆ ಕಂಡ್ರೆ, ಅದು ಕೆರಟೋಕೋನಸ್ ಶುರುವಾಗಿರೋ ಲಕ್ಷಣ ಇರಬಹುದು. ಆಗ ದಪ್ಪ ಎಷ್ಟೇ ಇರಲಿ, ಲಾಸಿಕ್ ಬೇಡ.

ಲೆನ್ಸ್ ಹಾಕೋರು ಈ ಸ್ಕ್ಯಾನ್‌ಗೆ ಒಂದೆರಡು ವಾರ ಮುಂಚೆಯೇ ಬಿಟ್ಟಿರಬೇಕು. ಲೆನ್ಸ್ ಕಾರ್ನಿಯಾದ ಆಕಾರ ಬದಲಿಸಿರುತ್ತೆ, ಅಳತೆ ತಪ್ಪುತ್ತೆ.

ಆಟಕ್ಕೆ, ಮದುವೆ ಮನೆಗೆ ಲೆನ್ಸ್ ಚೆನ್ನ. ಹಾಕ್ಕೊಂಡು ಮಲಗೋದು, ನಲ್ಲಿ ನೀರಲ್ಲಿ ತೊಳೆಯೋದು ಮಾತ್ರ ಬೇಡವೇ ಬೇಡ. ಕಣ್ಣು ಕೆಂಪಾಗಿ ನೋಯ್ತಿದ್ರೆ ತಕ್ಷಣ ತೆಗೆದು, ಅವತ್ತೇ ಡಾಕ್ಟರಿಗೆ ತೋರಿಸಿ.

ಕನ್ನಡಕಕ್ಕೆ ಈ ತಾಪತ್ರಯ ಒಂದೂ ಇಲ್ಲ. ಅಷ್ಟಕ್ಕೂ ಲೇಸರ್ ಮಾಡಿಸ್ಕೊಂಡವರಿಗೂ ನಲವತ್ತು ದಾಟಿದ ಮೇಲೆ ಓದೋಕೆ ಅದು ಬೇಕಾಗೋದು ಸಾಮಾನ್ಯ.