ಮೇಲಿನ ಪದರಕ್ಕೆ ಕಿತ್ತುಬರುವ ಭಯ, ಕೆಳಗಿನದಕ್ಕೆ ಹರಿಯುವ ಭಯ

ಫ್ಲೈಓವರ್ ನೆಲ ಬಿಟ್ಟು ಮೇಲೇರುವ ಕಡೆ ಎರಡೂ ಬದಿಗೆ ಕಾಂಕ್ರೀಟ್ ಬ್ಲಾಕುಗಳ ನೆಟ್ಟನೆಯ ಗೋಡೆ ಇರುತ್ತದೆ. ಒಳಗಿನ ಮಣ್ಣನ್ನೂ ಮೇಲೆ ಓಡುವ ಲಾರಿಗಳನ್ನೂ ಆ ಬ್ಲಾಕುಗಳೇ ಹಿಡಿದು ನಿಲ್ಲಿಸಿವೆ ಎಂದು ನೋಡಿದವರಿಗೆ ಅನ್ನಿಸುವುದು ಸಹಜ. ನಿಜಕ್ಕೂ ಭಾರ ಹೊರುವುದು ಹೊರಗೆ ಕಾಣದ ಜಿಯೋಗ್ರಿಡ್. ಇದು ಪಾಲಿಯೆಸ್ಟರ್ ಅಥವಾ ಪಾಲಿಎಥಿಲೀನ್‌ನ ಗಟ್ಟಿ ಜಾಲರಿ. ಮಣ್ಣು ತುಂಬಿ ದಮ್ಮಸು ಮಾಡುತ್ತಾ ಹೋದಂತೆ, ನಡುನಡುವೆ ಇದನ್ನು ಹಾಸಿ, ಮುಂದಿನ ತುದಿಯನ್ನು ಬ್ಲಾಕುಗಳ ಸಂದಿಯಲ್ಲಿ ಸಿಕ್ಕಿಸುತ್ತಾರೆ.

ಮಣ್ಣಿಗೆ ಬಲ ತುಂಬುವ ಈ ವಿಧಾನಕ್ಕೆ ಆಧುನಿಕ ರೂಪ ಕೊಟ್ಟವರು ಫ್ರಾನ್ಸಿನ ಎಂಜಿನಿಯರ್ ಆನ್ರಿ ವಿಡಾಲ್. 1960ರ ದಶಕದಲ್ಲಿ ಅವರು ಬಳಸಿದ್ದು ಉಕ್ಕಿನ ಪಟ್ಟಿಗಳನ್ನು. ಜಿಯೋಗ್ರಿಡ್ ಬಂದದ್ದು ಆಮೇಲೆ. ಸಿಕ್ಕಿಂನ ಪಾಕ್ಯಾಂಗ್ ವಿಮಾನ ನಿಲ್ದಾಣದಲ್ಲಿ ಇಂಥ ರಚನೆ 70 ಮೀಟರಿಗೂ ಹೆಚ್ಚು ಎತ್ತರಕ್ಕೆ ಎದ್ದು ನಿಂತಿದೆ.

ಲೆಕ್ಕ ಹೇಗೆ ಸಾಗುತ್ತದೆಂದು ತಿಳಿಯಲು 6 ಮೀಟರ್ ಎತ್ತರದ ಗೋಡೆಯೊಂದನ್ನು ಊಹಿಸಿಕೊಳ್ಳಬಹುದು. ಬ್ಲಾಕಿನ ಎತ್ತರ 20 ಸೆಂಟಿಮೀಟರ್. ಆದ್ದರಿಂದ ಪದರಗಳ ಅಂತರ 40 ಅಥವಾ 60 ಸೆಂಟಿಮೀಟರ್ ಹೀಗೆ 20ರ ಗುಣಕದಲ್ಲೇ ಇರಬೇಕು. 60 ಎಂದು ಹಿಡಿದರೆ ಒಟ್ಟು ಹತ್ತು ಪದರ. ಜಾಲರಿಯ ಉದ್ದಕ್ಕೆ ರೂಢಿಯ ಮೊದಲ ಅಂದಾಜು ಎತ್ತರದ ಶೇಕಡ 70, ಅಂದರೆ 4.2 ಮೀಟರ್.

ತುಂಬಿದ ಮಣ್ಣು ಒಳ್ಳೆಯ ಮರಳು ಮಣ್ಣಾಗಿದ್ದು, ಅದರ ಘರ್ಷಣೆಯ ಕೋನ 30 ಡಿಗ್ರಿ ಇದ್ದರೆ, ಮೇಲಿನಿಂದ ಬೀಳುವ ಒತ್ತಡದ ಮೂರನೇ ಒಂದು ಪಾಲು ಗೋಡೆಯನ್ನು ಹೊರಕ್ಕೆ ದೂಡುತ್ತದೆ. ಪ್ರತಿ ಪದರ ತನ್ನ ಸುತ್ತಲಿನ 60 ಸೆಂಟಿಮೀಟರ್ ಮಣ್ಣಿನ ದೂಡುವಿಕೆಯನ್ನು ತಡೆಯಬೇಕು. ವಾಹನಗಳ ಭಾರವನ್ನೂ ಸೇರಿಸಿದರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ತೀರಾ ಮೇಲಿನ ಪದರದ ಮೇಲೆ ಸುಮಾರು 600 ಕಿಲೋ ಎಳೆತ, ತೀರಾ ಕೆಳಗಿನದರ ಮೇಲೆ ಸುಮಾರು 2.8 ಟನ್ ಎಳೆತ ಬೀಳುತ್ತದೆ.

ಕೆಳಗಿನ ಪದರದ ಚಿಂತೆ ಜಾಲರಿ ಹರಿಯುವುದರದು. ಕಾರ್ಖಾನೆಯಲ್ಲಿ ಅಳೆದ ಬಲವನ್ನು ಇಲ್ಲಿ ಹಾಗೆಯೇ ನಂಬುವಂತಿಲ್ಲ. ವರ್ಷಗಟ್ಟಲೆ ಎಳೆತದಲ್ಲಿದ್ದರೆ ಪ್ಲಾಸ್ಟಿಕ್ ನಿಧಾನವಾಗಿ ಹಿಗ್ಗುತ್ತದೆ, ರೋಲರ್ ಓಡುವಾಗ ಕಲ್ಲುಗಳು ಅದನ್ನು ಗೀರುತ್ತವೆ, ಮಣ್ಣಿನ ರಾಸಾಯನಿಕಗಳೂ ಸವೆಸುತ್ತವೆ. ಇವೆಲ್ಲಕ್ಕೂ ಕಳೆದರೆ ಪಾಲಿಯೆಸ್ಟರ್ ಜಾಲರಿಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ ಬಲ. ಒಂದೂವರೆ ಪಟ್ಟು ಸುರಕ್ಷತೆ ಬೇಕೆಂದರೆ 2.8 ಟನ್ನಿಗೆ 4.2 ಟನ್ ಬಲ ಬೇಕು. ಮೀಟರಿಗೆ 8 ಟನ್ ಬಲದ ಜಾಲರಿ ಅರ್ಧಕ್ಕಿಳಿದರೆ ಅಷ್ಟು ಸಿಗದು. 10 ಟನ್ನಿನದು ಸಾಕು. ಇನ್ನೊಂದು ದಾರಿ ಬುಡದಲ್ಲಿ ಅಂತರವನ್ನು 40 ಸೆಂಟಿಮೀಟರಿಗೆ ಇಳಿಸುವುದು. ಆಗ ಪ್ರತಿ ಪದರದ ಎಳೆತ 1.9 ಟನ್ನಿಗೆ ಇಳಿದು 6 ಟನ್ನಿನ ಜಾಲರಿಯೇ ಸಾಲುತ್ತದೆ.

ಮೇಲಿನ ಪದರದ ಕಥೆ ಬೇರೆ. ಗೋಡೆಯ ಬುಡದಿಂದ ಹಿಂದಕ್ಕೆ 60 ಡಿಗ್ರಿ ಓರೆಯಲ್ಲಿ ಮೇಲೇರುವ ಒಂದು ಗೆರೆ ಎಳೆದರೆ, ಅದರ ಮುಂದಿನ ಮಣ್ಣು ಜಾರಲು ಹವಣಿಸುವ ಭಾಗ. ಗೆರೆಯ ಹಿಂದೆ ಉಳಿದ ಜಾಲರಿ ಮಾತ್ರ ಲಂಗರಾಗುತ್ತದೆ. ಬುಡದಲ್ಲಿ 4 ಮೀಟರ್ ಜಾಲರಿ ಗೆರೆಯ ಹಿಂದಿದೆ. ಮೇಲಿರುವ ಮಣ್ಣಿನ ತೂಕವೂ ಅದನ್ನು ಬಿಗಿಯಾಗಿ ಒತ್ತಿ ಹಿಡಿದಿದೆ. ಅದನ್ನು ಕಿತ್ತೆಳೆಯಲು 40 ಟನ್ನಿಗೂ ಹೆಚ್ಚು ಬಲ ಬೇಕು. ತುದಿಯ ಪದರದಲ್ಲಿ ಗೆರೆಯ ಹಿಂದೆ ಉಳಿಯುವುದು ಕೇವಲ 90 ಸೆಂಟಿಮೀಟರ್, ಒತ್ತಿ ಹಿಡಿಯಲು ಮೇಲಿರುವುದು 30 ಸೆಂಟಿಮೀಟರ್ ಮಣ್ಣು. ವಾಹನದ ಭಾರವನ್ನು ಹಿಡಿತದ ಲೆಕ್ಕಕ್ಕೆ ಸೇರಿಸುವುದಿಲ್ಲ, ಏಕೆಂದರೆ ಲಾರಿ ಮುಂದೆ ಹೋದಾಗ ಅದು ಇರುವುದಿಲ್ಲ. ಹೀಗೆ ಸಿಗುವ ಹಿಡಿತ ಸುಮಾರು 500 ಕಿಲೋ. ಎಳೆತ 600 ಕಿಲೋ ಇರುವಾಗ ಜಾಲರಿ ಹರಿಯದಿದ್ದರೂ ಇಡಿಯಾಗಿ ಕಿತ್ತು ಬರುತ್ತದೆ. ಇಲ್ಲಿ ಹೆಚ್ಚು ಬಲದ ಜಾಲರಿ ಹಾಕಿ ಪ್ರಯೋಜನವಿಲ್ಲ. ಮೇಲಿನ ಪದರವನ್ನು 5 ಮೀಟರಿಗೆ ಉದ್ದ ಮಾಡಿದರೆ ಒಂದೂವರೆ ಪಟ್ಟು ಸುರಕ್ಷತೆ ಸಿಗುತ್ತದೆ.

ಹರಿಯುವುದು, ಕಿತ್ತು ಬರುವುದು ಎರಡನ್ನೂ ಹತ್ತೂ ಪದರಗಳಿಗೆ ನೋಡಬೇಕು. ಜಾಲರಿಯು ಬ್ಲಾಕಿಗೆ ಸೇರುವ ಜಾಗ ಎಳೆತ ತಡೆಯುವುದೇ, ಮೇಲಿನ ಮಣ್ಣು ಜಾಲರಿಯ ಮೇಲೆಯೇ ಜಾರಿ ಮುಂದೆ ಸರಿಯುವುದೇ ಎಂಬ ಪರೀಕ್ಷೆಗಳೂ ಇವೆ. ಭಾರತೀಯ ರಸ್ತೆ ಕಾಂಗ್ರೆಸ್ ಇದಕ್ಕೆಂದೇ ಎಸ್‌ಪಿ 102 ಎಂಬ ಮಾರ್ಗಸೂಚಿ ತಂದಿದೆ. ನಿಜವಾದ ವಿನ್ಯಾಸದಲ್ಲಿ ಭಾರಗಳಿಗೆ ಬೇರೆಬೇರೆ ಗುಣಾಂಕ, ಭೂಕಂಪದ ಲೆಕ್ಕ ಎಲ್ಲವೂ ಸೇರುತ್ತವೆ.

ಲೆಕ್ಕ ಸರಿಯಿದ್ದರೂ ಗೋಡೆ ಕೆಡುವುದು ಹೆಚ್ಚಾಗಿ ಮಣ್ಣು ಮತ್ತು ನೀರಿನಿಂದ. ಮರಳು ಮಣ್ಣಿನ ಬದಲು ಹತ್ತಿರದಲ್ಲಿ ಸಿಕ್ಕ ಜೇಡಿಮಣ್ಣು ತುಂಬಿದರೆ, ಮಳೆ ನೀರು ಒಳಗೇ ನಿಂತು ದೂಡುವಿಕೆ ಹೆಚ್ಚುತ್ತದೆ, ಜಾಲರಿಯ ಹಿಡಿತ ಕುಗ್ಗುತ್ತದೆ. ಅದಕ್ಕೇ ಬ್ಲಾಕುಗಳ ಹಿಂದೆ ಜಲ್ಲಿಯ ಪದರ ಇಟ್ಟು ನೀರಿಗೆ ದಾರಿ ಮಾಡುತ್ತಾರೆ. ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬುವುದು, ಸಂದಿಗಳಿಂದ ಮಣ್ಣು ಸೋರುವುದು, ಮೇಲಿನ ರಸ್ತೆಯಲ್ಲಿ ಗೋಡೆಗೆ ಸಮಾನಾಂತರವಾಗಿ ಬಿರುಕು ಬಿಡುವುದು, ಈ ಮೂರು ಕಂಡರೆ ಒಳಗಿನ ಜಾಲರಿ ಅಥವಾ ನೀರಿನ ದಾರಿ ಕೆಟ್ಟಿರಬಹುದೆಂದು ತಿಳಿದು, ರಸ್ತೆಯನ್ನು ನೋಡಿಕೊಳ್ಳುವ ಇಲಾಖೆಗೆ ಕೂಡಲೇ ತಿಳಿಸಬೇಕು.