ಗಂಗೆ ತೊಳೆದದ್ದು, ಉಪ್ಪು ತುಂಬಿದ್ದು

ಏಕಾದಶಿ ಹತ್ತಿರ ಬಂತೆಂದರೆ ಕಾಶಿಯ ಕಿರಾಣಿ ಅಂಗಡಿಗಳಲ್ಲಿ 'ಸೇಂಧಾ ನಮಕ್' ಮುಂದಕ್ಕೆ ಬರುತ್ತದೆ. ನಮ್ಮ ಸೈಂಧವ ಲವಣವೇ ಅದು. ಉಪವಾಸಕ್ಕೆ ಸಮುದ್ರದ ಉಪ್ಪು ಸಲ್ಲದು ಎಂಬುದು ಅಲ್ಲಿನವರ ಆಚಾರ. ಒಂದೆರಡು ದಿನ ತಿಂದರೆ ಏನೂ ಆಗುವುದಿಲ್ಲ. ಶುದ್ಧವೆಂದು ವರ್ಷವಿಡೀ ಅದನ್ನೇ ಬಳಸುವ ಮನೆಗಳ ಕಥೆ ಬೇರೆ. ಆ ಉಪ್ಪಿಗೆ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ.

ಆ ಕೊರತೆಯನ್ನು ಕಾಶಿಯ ಅನ್ನ, ತರಕಾರಿ ತುಂಬಿಕೊಡಲಾರವು. ಹಿಮಾಲಯದ ಬುಡದಿಂದ ಗಂಗಾ ಬಯಲಿನವರೆಗೆ ಸಾವಿರಾರು ವರ್ಷಗಳ ಮಳೆ, ನೆರೆ ಮೇಲ್ಮಣ್ಣಿನ ಅಯೋಡಿನ್ನನ್ನು ತೊಳೆದು ಕಡಲಿಗೆ ಒಯ್ದಿವೆ. ಬೆಳೆಗೆ ಅಯೋಡಿನ್ ಬೇಕಿಲ್ಲವಾದ್ದರಿಂದ ಪೈರು ಹಸಿರಾಗಿಯೇ ಇರುತ್ತದೆ. ಹೊಲ ನೋಡಿ ಕೊರತೆ ಹೇಳಲಾಗದು. ಅದು ಕಾಣುವುದು ಮನುಷ್ಯರ ಕೊರಳಿನಲ್ಲಿ. ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನು ಕಟ್ಟಲು ಅಯೋಡಿನ್ ಬೇಡುತ್ತದೆ. ಸಿಗದಿದ್ದಾಗ ಮೆದುಳಿನ ಬುಡದ ಪಿಟ್ಯುಟರಿ ಅದನ್ನು ಇನ್ನಷ್ಟು ದುಡಿಸುತ್ತದೆ, ಗ್ರಂಥಿ ಉಬ್ಬುತ್ತದೆ. ನಾವು ಗಳಗಂಡ ಎನ್ನುವುದನ್ನು ಕಾಶಿ ಸೀಮೆಯ ಪೂರ್ವಾಂಚಲದವರು 'ಘೇಂಘಾ' ಎನ್ನುತ್ತಾರೆ. ಕಾಶಿಯ ಉತ್ತರಕ್ಕಿರುವ ದೇವರಿಯಾ, ಗೋರಖ್‌ಪುರ, ಗೊಂಡಾಗಳಲ್ಲಿ 1980ರ ದಶಕದಲ್ಲಿ ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದಾಗ, ಹುಟ್ಟುವಾಗಲೇ ಹಾರ್ಮೋನು ಕಡಿಮೆಯಿದ್ದ ಮಕ್ಕಳು ಬಹಳ ಸಿಕ್ಕರು. ಕೊರಳಿನ ಗಂಟಿಗಿಂತ ದೊಡ್ಡ ನಷ್ಟ ಅದು. ಬೆಳೆಯುವ ಮೆದುಳಿಗೆ ಬಿದ್ದ ಪೆಟ್ಟು.

ಪರಿಹಾರ ಆ ಹೊತ್ತಿಗಾಗಲೇ ಗೊತ್ತಿತ್ತು. ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಕೆಲವು ಭಾಗಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದು ಭಾಗಕ್ಕೆ ಬರಿಯ ಉಪ್ಪನ್ನೂ ಕೊಟ್ಟು ನೋಡಿದರು. ಅಯೋಡಿನ್ ಸಿಕ್ಕ ಕಡೆ ಶಾಲಾಮಕ್ಕಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವುದರ ಮೇಲಿದ್ದ ದೇಶವ್ಯಾಪಿ ನಿಷೇಧ 2000ದಲ್ಲಿ ತೆರವಾಗಿ, 2006ರಲ್ಲಿ ಮರಳಿತು.

ಬೆರೆಸುವುದು ತೀರಾ ಅಲ್ಪ. ಒಂದು ಟನ್ ಉಪ್ಪಿಗೆ ಸುಮಾರು 50 ಗ್ರಾಂ ಪೊಟ್ಯಾಷಿಯಂ ಅಯೋಡೇಟನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸಿದರೆ ಕಿಲೋ ಉಪ್ಪಿನಲ್ಲಿ 30 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಗುಜರಾತಿನ ಉಪ್ಪು ದೂರದ ಹಾದಿ ಸವೆಸಿ ಪೂರ್ವಾಂಚಲ ಸೇರುವಾಗ ಸ್ವಲ್ಪ ಕಳೆದೀತೆಂದೇ, ಮನೆ ಮುಟ್ಟುವಾಗ ಕನಿಷ್ಠ 15 ಉಳಿದಿರಲಿ ಎಂಬ ಲೆಕ್ಕ. ಪ್ಯಾಕೆಟ್ಟಿನ ಪುಡಿಯುಪ್ಪಿನಲ್ಲಿ ಅದು ಸಾಮಾನ್ಯವಾಗಿ ಉಳಿಯುತ್ತದೆ. ಹರಳುಪ್ಪಿನ ಪಾಡು ಕಷ್ಟ: ಸಿಂಪಡಿಸಿದ್ದು ಹರಳಿನ ಮೈಮೇಲಷ್ಟೇ ಕೂತಿರುತ್ತದೆ. ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಚೀಲ ನೀರೊಸರಿದರೆ ಅಯೋಡಿನ್ನೂ ಜೊತೆಗೇ ಇಳಿದುಹೋಗುತ್ತದೆ. ಕಸವಿದೆಯೆಂದು ಹರಳು ತೊಳೆದರಂತೂ ಗಂಗೆ ಹೊಲಕ್ಕೆ ಮಾಡಿದ್ದನ್ನೇ ನಾವು ಅಡುಗೆಮನೆಯಲ್ಲಿ ಮಾಡಿದಂತೆ. (ನಮ್ಮ ಕಡೆಯೂ ಕಲ್ಲುಪ್ಪು ತೊಳೆಯುವವರಿದ್ದಾರೆ.)

ಗರ್ಭಿಣಿಯೊಬ್ಬಳ ಲೆಕ್ಕ ಹಾಕೋಣ. ದಿನಕ್ಕೆ 10 ಗ್ರಾಂ ಉಪ್ಪು, ಕಿಲೋಗೆ 15 ಮಿಲಿಗ್ರಾಂ ಎಂದರೆ 150 ಮೈಕ್ರೋಗ್ರಾಂ. ಒಲೆಯ ಮೇಲೆ ಐದನೇ ಒಂದು ಪಾಲು ಹೋದರೆ 120. ಅವಳಿಗೆ ಬೇಕಾದದ್ದು 250. ಇದು ಕಾನೂನಿನ ಕನಿಷ್ಠ ಮಟ್ಟದಲ್ಲಿರುವ ಉಪ್ಪಿನ ಮಾತು. ತೊಳೆದ ಹರಳಿನದೂ ಅಲ್ಲ, ಸೇಂಧಾ ನಮಕ್‌ನದೂ ಅಲ್ಲ.